ಮಹಾಸಭೆಯ ನೋಟೀಸು ಬರೆಯೋಣ

ಬೆಳಿಗ್ಗೆ ಆರು ಗಂಟೆ. ಊರಿನ ಹಾಲಿನ ಡೇರಿ ಮುಂದೆ ಕ್ಯಾನು, ಚೊಂಬು ಹಿಡಿದವರ ಸಾಲು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಇದು ದಿನಾ ಕಾಣುವ ನೋಟ. ಹಲವು ಊರುಗಳಲ್ಲಿ ಈ ಡೇರಿ ಹೆಂಗಸರದೇ. ಅದರ ಪೂರ್ತಿ ಹೆಸರು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ. ಸದಸ್ಯರೂ ಹೆಂಗಸರು, ನಿರ್ದೇಶಕರೂ ಹೆಂಗಸರು, ಅಧ್ಯಕ್ಷರೂ ಹೆಂಗಸರು.

ದಿನಾ ಹಾಲು ಹಾಕುತ್ತೇವೆ. ವಾರಕ್ಕೋ ಹದಿನೈದು ದಿನಕ್ಕೋ ದುಡ್ಡು ಬರುತ್ತದೆ. ವರ್ಷದ ಕೊನೆಗೆ ಸಂಘದಲ್ಲಿ ಲಾಭ ಉಳಿದಿದ್ದರೆ ಅದನ್ನು ಏನು ಮಾಡಬೇಕು? ಬೋನಸ್ ಎಷ್ಟು? ಹೊಸ ಯಂತ್ರ ಬೇಕೋ ಬೇಡವೋ? ಇದನ್ನು ತೀರ್ಮಾನ ಮಾಡುವವರು ಅಧ್ಯಕ್ಷರಲ್ಲ, ಕಾರ್ಯದರ್ಶಿಯೂ ಅಲ್ಲ. ಎಲ್ಲ ಸದಸ್ಯರೂ ಕೂಡುವ ವಾರ್ಷಿಕ ಮಹಾಸಭೆ ತೀರ್ಮಾನ ಮಾಡುತ್ತದೆ.

ಆ ಸಭೆಗೆ ಕರೆಯುವ ಕಾಗದಕ್ಕೆ ತಿಳುವಳಿಕೆ ಪತ್ರ ಎನ್ನುತ್ತಾರೆ. ನಮ್ಮ ಬಾಯಲ್ಲಿ ಅದು ನೋಟೀಸು. ಮದುವೆ ಪತ್ರಿಕೆ ತಡವಾಗಿ ಬಂದರೂ ಮದುವೆ ನಡೆಯುತ್ತದೆ. ನೋಟೀಸು ಹಾಗಲ್ಲ. ಅದು ತಡವಾದರೆ, ಅದರಲ್ಲಿ ವಿಷಯ ಬಿಟ್ಟುಹೋದರೆ, ಅಥವಾ ತಲುಪಬೇಕಾದವರ ಕೈಗೆ ತಲುಪದಿದ್ದರೆ, ಸಭೆಯಲ್ಲಿ ಆದ ತೀರ್ಮಾನವನ್ನೇ ಯಾರಾದರೂ ಪ್ರಶ್ನೆ ಮಾಡಬಹುದು. ಆಗ ಬೋನಸ್ಸೂ ನಿಲ್ಲುತ್ತದೆ.

ಈ ಪಾಠದಲ್ಲಿ ಒಂದು ಸಂಘವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಲೆಕ್ಕಕ್ಕಾಗಿ ಮಾಡಿಕೊಂಡ ಸಂಘ. ಊರು ಮಾಲೂರು ಕಡೆಯದು ಎಂದುಕೊಳ್ಳಿ. ಸದಸ್ಯರು 140. ಅವರಲ್ಲಿ 11 ಜನ ನಿರ್ದೇಶಕರು. ಈ 11 ಜನ ಸೇರಿ ಆಡಳಿತ ಮಂಡಳಿ.

ಮೊದಲು ನಿರ್ದೇಶಕರನ್ನು ಕರೆಯಿರಿ

ಮಹಾಸಭೆಯ ನೋಟೀಸನ್ನು ಕಾರ್ಯದರ್ಶಿ ತಾನೇ ಕೂತು ಬರೆದು ಹಂಚುವ ಹಾಗಿಲ್ಲ. ಮೊದಲು ಆಡಳಿತ ಮಂಡಳಿಯ ಸಭೆ ಆಗಬೇಕು. ಆ ಸಭೆಗೂ ಒಂದು ಚಿಕ್ಕ ನೋಟೀಸು ಬೇಕು. ಅದು 11 ನಿರ್ದೇಶಕರಿಗೂ ಒಬ್ಬೊಬ್ಬರ ಹೆಸರಿಗೆ ಹೋಗಬೇಕು.

ಆ ದಿನ ನಿರ್ದೇಶಕರು ನಾಲ್ಕು ಕೆಲಸ ಮಾಡುತ್ತಾರೆ. ಆಡಿಟ್ ಆದ ಲೆಕ್ಕವನ್ನು ಓದಿಸಿ ಕೇಳುತ್ತಾರೆ. ಮಹಾಸಭೆಯ ದಿನ, ಗಂಟೆ, ಜಾಗ ಗೊತ್ತು ಮಾಡುತ್ತಾರೆ. ಯಾವ ಯಾವ ವಿಷಯ ಸಭೆಯ ಮುಂದೆ ಇಡಬೇಕು ಎಂದು ಪಟ್ಟಿ ಮಾಡುತ್ತಾರೆ. ಯಾವ ಬೀದಿಯ ಮನೆಗಳಿಗೆ ಯಾರು ನೋಟೀಸು ಮುಟ್ಟಿಸಬೇಕು ಎಂದು ಹಂಚಿಕೊಳ್ಳುತ್ತಾರೆ. ಇದನ್ನೆಲ್ಲ ನಡವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡುತ್ತಾರೆ.

ನಿರ್ದೇಶಕರಿಗೆ ಮಹಾಸಭೆಯ ನೋಟೀಸಿನ ಜೊತೆ ಇನ್ನೊಂದು ಸಾಲು ಬರೆದು ಕೊಡುವುದು ಒಳ್ಳೆಯದು: "ತಾವು ಒಂದು ಗಂಟೆ ಮುಂಚೆ ಬರಬೇಕು." ಏಕೆಂದರೆ ಸದಸ್ಯರು ಲೆಕ್ಕ ಕೇಳಿದಾಗ ಉತ್ತರ ಹೇಳಬೇಕಾದವರು ಅವರು. ಹಾಜರಿ ಪುಸ್ತಕದ ಹತ್ತಿರ ಕೂರಬೇಕಾದವರೂ ಅವರೇ. ಮಹಾಸಭೆಯಲ್ಲಿ ನಿರ್ದೇಶಕರು ಅತಿಥಿಗಳಲ್ಲ. ಅವರೂ ಸದಸ್ಯರೇ, ಅವರನ್ನೂ ಎಣಿಕೆಗೆ ಸೇರಿಸುತ್ತಾರೆ.

ದಿನ ಗೊತ್ತು ಮಾಡುವ ಲೆಕ್ಕ

ಸಹಕಾರ ಸಂಘದ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕರ್ನಾಟಕ ಸಹಕಾರ ಸಂಘಗಳ ಕಾನೂನು 1959ರದು. ಆಮೇಲೆ ಹಲವು ಸಲ ತಿದ್ದುಪಡಿ ಆಗಿದೆ. ಅದರ ಪ್ರಕಾರ ಸೆಪ್ಟೆಂಬರ್ 25ರ ಒಳಗೆ ಮಹಾಸಭೆ ನಡೆದಿರಬೇಕು. ಅದಕ್ಕೇ ಸೆಪ್ಟೆಂಬರ್ ಬಂದರೆ ಊರೂರಿನ ಡೇರಿಗಳಲ್ಲಿ ಶಾಮಿಯಾನ ಏಳುತ್ತದೆ.

ಹಾಗಾದರೆ 24ನೇ ತಾರೀಖು ಇಟ್ಟುಕೊಂಡರೆ ಆಗದೇ? ಆಗುತ್ತದೆ. ಆದರೆ ಆ ದಿನ ಜನ ಸಾಲದೆ ಸಭೆ ಮುಂದಕ್ಕೆ ಹೋದರೆ ಮತ್ತೆ ಸೇರಲು ದಿನವೇ ಉಳಿಯುವುದಿಲ್ಲ. ಅದಕ್ಕೆ ಜಾಣ ಆಡಳಿತ ಮಂಡಳಿ ಸೆಪ್ಟೆಂಬರ್ ಮೊದಲ ವಾರವನ್ನೇ ಹಿಡಿಯುತ್ತದೆ.

ನಮ್ಮ ಉದಾಹರಣೆಯ ಸಂಘ 2026ರ ಸೆಪ್ಟೆಂಬರ್ 5, ಶನಿವಾರ ಎಂದು ಗೊತ್ತು ಮಾಡಿತು ಎನ್ನೋಣ. ಅಂದು ಸಭೆ ಆಗದಿದ್ದರೆ 12ನೇ ತಾರೀಖು, ಶನಿವಾರ ಇದೆ. 14ಕ್ಕೆ ಗಣೇಶನ ಹಬ್ಬ. ಹಬ್ಬದ ಮುಂಚೆಯೇ ಕೆಲಸ ಮುಗಿಯುತ್ತದೆ.

ಗಂಟೆಯನ್ನೂ ನೋಡಿ ಇಡಬೇಕು. ಬೆಳಿಗ್ಗೆ ಹಾಲು ಕರೆಯುವುದು, ಡೇರಿಗೆ ಹಾಕುವುದು, ಮಕ್ಕಳನ್ನು ಸ್ಕೂಲಿಗೆ ಕಳಿಸುವುದು. ಸಂಜೆ ಮತ್ತೆ ಹಾಲು. ಆದ್ದರಿಂದ 11 ಗಂಟೆಗೆ ಶುರು ಮಾಡಿ 2 ಗಂಟೆಗೆ ಮುಗಿಸುವುದು ಹೆಂಗಸರಿಗೆ ಅನುಕೂಲ. ಊರಿನ ಸಂತೆಯ ದಿನ ಬೇಡ. ಟೊಮೇಟೊ ಕೀಳುವ ಕಾಲವಾದರೆ ಕೂಲಿಗೆ ಹೋಗುವವರನ್ನೂ ಕೇಳಿ ದಿನ ಇಡಬೇಕು.

ನೋಟೀಸು ಎಷ್ಟು ದಿನ ಮುಂಚೆ ಕೊಡಬೇಕು? ಇದನ್ನು ಸಂಘದ ಬೈಲಾ ಹೇಳುತ್ತದೆ. ಬೈಲಾ ಎಂದರೆ ಸಂಘದ ನಿಯಮದ ಪುಸ್ತಕ. ನಮ್ಮ ಉದಾಹರಣೆಯ ಬೈಲಾದಲ್ಲಿ "15 ಪೂರ್ಣ ದಿನಗಳ ಮುಂಚೆ" ಎಂದು ಇದೆ ಎಂದುಕೊಳ್ಳಿ. ಪೂರ್ಣ ದಿನ ಎಂದರೆ ಹೇಗೆ? ನೋಟೀಸು ಕೊಟ್ಟ ದಿನವನ್ನು ಎಣಿಸಬಾರದು. ಸಭೆ ನಡೆಯುವ ದಿನವನ್ನೂ ಎಣಿಸಬಾರದು. ಮಧ್ಯದ ದಿನಗಳೇ 15 ಇರಬೇಕು.

ಎಣಿಸಿ ನೋಡೋಣ. ಆಗಸ್ಟ್ 21ರಿಂದ 31ರವರೆಗೆ 11 ದಿನ. ಸೆಪ್ಟೆಂಬರ್ 1ರಿಂದ 4ರವರೆಗೆ 4 ದಿನ. ಕೂಡಿದರೆ 15. ಹಾಗಾದರೆ ಆಗಸ್ಟ್ 20ರ ಒಳಗೆ 140 ಮನೆಗೂ ನೋಟೀಸು ಮುಟ್ಟಿರಬೇಕು. 21ಕ್ಕೆ ಮುಟ್ಟಿದರೆ ಒಂದು ದಿನ ಕಡಿಮೆ ಆಯಿತು.

ಕಾರ್ಯಸೂಚಿ: ಏನು ಮಾತಾಡಬೇಕು ಎನ್ನುವ ಪಟ್ಟಿ

ಸಭೆಯಲ್ಲಿ ಮಾತಾಡುವ ವಿಷಯಗಳ ಪಟ್ಟಿಗೆ ಕಾರ್ಯಸೂಚಿ ಎಂದು ಹೆಸರು. ಅಜೆಂಡಾ ಎಂದೂ ಕರೆಯುತ್ತಾರೆ. ಇದು ನೋಟೀಸಿನ ಜೀವ.

ಕೆಲವರು ಹೀಗೆ ಬರೆಯುತ್ತಾರೆ: "ಲಾಭದ ವಿಷಯ." ಇಷ್ಟು ಓದಿದರೆ ಯಾರಿಗೆ ಏನು ಗೊತ್ತಾಗುತ್ತದೆ? ಹೀಗೆ ಬರೆದರೆ ಗೊತ್ತಾಗುತ್ತದೆ: "2025-26ನೇ ಸಾಲಿನ ನಿವ್ವಳ ಲಾಭ 60,000 ರೂಪಾಯಿಯನ್ನು ಹಂಚುವ ಬಗ್ಗೆ. ಬೋನಸ್ ಹಣದಲ್ಲಿ 12,000 ರೂಪಾಯಿಯನ್ನು ತೂಕದ ಯಂತ್ರ ಕೊಳ್ಳಲು ತೆಗೆದಿಡುವ ಬಗ್ಗೆ." ಈಗ ಸದಸ್ಯೆ ಮನೆಯಲ್ಲೇ ಲೆಕ್ಕ ಹಾಕಬಹುದು. ಪಕ್ಕದ ಮನೆಯವರ ಜೊತೆ ಮಾತಾಡಬಹುದು. ಬೇಕು ಅಥವಾ ಬೇಡ ಎಂದು ಯೋಚನೆ ಮಾಡಿಕೊಂಡೇ ಸಭೆಗೆ ಬರಬಹುದು.

ಪಟ್ಟಿಯ ಕೊನೆಗೆ "ಅಧ್ಯಕ್ಷರ ಅಪ್ಪಣೆ ಪಡೆದು ಇತರ ವಿಷಯಗಳು" ಎಂದು ಬರೆಯುವ ರೂಢಿ ಇದೆ. ಈ ಸಾಲಿನ ಮೇಲೆ ಕಣ್ಣಿಡಿ. ಡೇರಿ ಮುಂದೆ ನೀರು ನಿಲ್ಲುತ್ತದೆ, ಪಶು ಆಹಾರ ತಡವಾಗಿ ಬರುತ್ತದೆ, ಇಂಥ ಮಾತಿಗೆ ಆ ಸಾಲು ಸರಿ. ದೊಡ್ಡ ಹಣದ ವಿಷಯ, ಜಾಗ ಕೊಳ್ಳುವ ವಿಷಯ, ಬೈಲಾ ತಿದ್ದುವ ವಿಷಯ ಇವನ್ನು ಆ ಸಾಲಿನಡಿ ತರುವುದು ಸರಿಯಲ್ಲ. ಮನೆಯಲ್ಲಿ ಉಳಿದ ಸದಸ್ಯೆಗೆ ಅದು ಗೊತ್ತೇ ಇರುವುದಿಲ್ಲ. ಗೊತ್ತಿದ್ದರೆ ಅವಳು ಬರುತ್ತಿದ್ದಳು. ಬೈಲಾ ತಿದ್ದುಪಡಿಯಂತೂ ಸಭೆ ಒಪ್ಪಿದರೂ ಸಾಲದು. ಸಹಕಾರ ಇಲಾಖೆಯಲ್ಲಿ ನೋಂದಣಿ ಆದ ಮೇಲೆಯೇ ಅದಕ್ಕೆ ಬೆಲೆ.

ವಿಷಯಗಳ ಸಾಲೂ ಮುಖ್ಯ. ಮೊದಲು ಭಾಷಣ, ಸನ್ಮಾನ, ಬಹುಮಾನ ಇಟ್ಟು ಕೊನೆಗೆ ಲೆಕ್ಕ ಇಟ್ಟರೆ ಏನಾಗುತ್ತದೆ? ಒಂದು ಗಂಟೆಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ಹಸುವಿಗೆ ನೀರು ಕುಡಿಸಬೇಕಲ್ಲ! ಕೈ ಎತ್ತುವ ವಿಷಯಗಳನ್ನು ಮೊದಲ ಒಂದು ಗಂಟೆಯಲ್ಲಿ ಇಡಿ. ಭಾಷಣ ಆಮೇಲೆ ಇರಲಿ.

ಕೋರಂ: ಎಷ್ಟು ಜನ ಬಂದರೆ ಸಭೆ?

ಐದು ಜನ ಕೂತು 140 ಜನರ ಹಣದ ತೀರ್ಮಾನ ಮಾಡಬಾರದು. ಅದಕ್ಕೆ ಕಡಿಮೆ ಎಂದರೆ ಇಷ್ಟು ಜನ ಹಾಜರಿರಬೇಕು ಎಂದು ಬೈಲಾದಲ್ಲಿ ಬರೆದಿರುತ್ತದೆ. ಆ ಸಂಖ್ಯೆಗೆ ಕೋರಂ ಎನ್ನುತ್ತಾರೆ. ನಿಮ್ಮ ಸಂಘದ ಸಂಖ್ಯೆಯನ್ನು ನಿಮ್ಮ ಬೈಲಾದಲ್ಲೇ ನೋಡಬೇಕು. ಪಕ್ಕದ ಊರಿನದನ್ನು ಕೇಳಿ ಬರೆಯಬೇಡಿ.

ನಮ್ಮ ಉದಾಹರಣೆಯ ಬೈಲಾ "ಐದರಲ್ಲಿ ಒಂದು ಭಾಗ" ಎನ್ನುತ್ತದೆ ಎಂದುಕೊಳ್ಳಿ. 140ನ್ನು 5ರಿಂದ ಭಾಗಿಸಿದರೆ 28. ಹಾಗಾದರೆ 28 ಸದಸ್ಯರು ಖುದ್ದಾಗಿ ಬಂದರೆ ಸಭೆ ಶುರು ಮಾಡಬಹುದು.

ಇಲ್ಲಿ ಖುದ್ದಾಗಿ ಎನ್ನುವ ಮಾತು ದೊಡ್ಡದು. ಸದಸ್ಯೆಯ ಗಂಡ ಬಂದರೆ ಒಂದು ಎಂದು ಎಣಿಸುವ ಹಾಗಿಲ್ಲ. ಮಗ ಬಂದರೂ ಇಲ್ಲ. ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಬಂದಿರಬಹುದು, ಊರಿನ ದೊಡ್ಡವರು ಬಂದಿರಬಹುದು. ಅವರಿಗೆ ಕುರ್ಚಿ ಹಾಕಿ, ಟೀ ಕೊಡಿ. ಎಣಿಕೆಗೆ ಮಾತ್ರ ಸೇರಿಸಬೇಡಿ.

28 ಜನ ಸೇರದಿದ್ದರೆ? ಅದಕ್ಕೂ ಬೈಲಾದಲ್ಲಿ ದಾರಿ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಅರ್ಧ ಗಂಟೆ ಕಾಯಬೇಕು, ಆಗಲೂ ಸಾಲದಿದ್ದರೆ ಮುಂದಿನ ವಾರ ಅದೇ ದಿನ, ಅದೇ ಜಾಗದಲ್ಲಿ ಸೇರಬೇಕು ಎಂದು ಇಟ್ಟುಕೊಳ್ಳೋಣ. ಎರಡನೇ ಸಲ ಕೋರಂ ಬೇಕಿಲ್ಲ, ಆದರೆ ಹಳೆಯ ಪಟ್ಟಿಯ ವಿಷಯ ಬಿಟ್ಟು ಹೊಸದನ್ನು ಎತ್ತುವ ಹಾಗಿಲ್ಲ ಎಂದೂ ಇದೆ ಎನ್ನೋಣ. ಅಂದರೆ ಎರಡನೇ ಸಲ ಹತ್ತೇ ಜನ ಬಂದರೂ 140 ಜನರ ಬೋನಸ್ ಅವರ ಕೈಯಲ್ಲಿ! ಇದನ್ನು ನೋಟೀಸಿನಲ್ಲೇ ಬರೆದು ಹೇಳಿ. ಓದಿದವರು ಮೊದಲ ಸಲವೇ ಬರುತ್ತಾರೆ.

ಮತ: ಒಬ್ಬರಿಗೆ ಒಂದೇ

ಸಹಕಾರ ಸಂಘದಲ್ಲಿ ಒಬ್ಬ ಸದಸ್ಯೆಗೆ ಒಂದೇ ಮತ. ಒಂದು ಷೇರು ಇದ್ದರೂ ಒಂದೇ, ಹತ್ತು ಷೇರು ಇದ್ದರೂ ಒಂದೇ. ದಿನಕ್ಕೆ ಎರಡು ಲೀಟರು ಹಾಕುವವಳಿಗೂ ಒಂದೇ, ಇಪ್ಪತ್ತು ಲೀಟರು ಹಾಕುವವಳಿಗೂ ಒಂದೇ. ಆ ಮತವನ್ನು ಅವಳೇ ಬಂದು ಹಾಕಬೇಕು. "ನನ್ನ ಬದಲು ಇವರು ಹಾಕುತ್ತಾರೆ" ಎಂದು ಚೀಟಿ ಬರೆದು ಕಳಿಸಿದರೆ ನಡೆಯುವುದಿಲ್ಲ. ಎರಡು ಕಡೆಗೂ ಸಮ ಮತ ಬಂದರೆ ಸಭೆಯ ಅಧ್ಯಕ್ಷತೆ ವಹಿಸಿದವರು ಇನ್ನೊಂದು ಮತ ಹಾಕಿ ತೀರ್ಮಾನ ಮಾಡಬಹುದು.

ಎಲ್ಲ ಸದಸ್ಯರಿಗೂ ಎಲ್ಲ ವರ್ಷವೂ ಮತದ ಹಕ್ಕು ಇರುತ್ತದೆ ಎಂದು ತಿಳಿಯಬೇಡಿ. ಸಂಘಕ್ಕೆ ಸಾಲದ ಬಾಕಿ ಉಳಿಸಿಕೊಂಡವರು, ಬೈಲಾ ಹೇಳಿದಷ್ಟು ಹಾಲು ಹಾಕದವರು, ಮಹಾಸಭೆಗಳಿಗೆ ಬಾರದೇ ಇದ್ದವರು, ಇಂಥವರ ಮತಕ್ಕೆ ಅಡ್ಡಿ ಬರಬಹುದು. ಈ ನಿಯಮಗಳು ಕೆಲವು ಸಲ ಬದಲಾಗಿವೆ. ಆದ್ದರಿಂದ ನೋಟೀಸು ಹೊರಡುವ ಮುಂಚೆಯೇ ಮತದ ಹಕ್ಕಿರುವವರ ಪಟ್ಟಿ ಮಾಡಿ ಡೇರಿ ಗೋಡೆಗೆ ಅಂಟಿಸಬೇಕು. ಹೆಸರು ಇಲ್ಲದವಳು ಆಗಲೇ ಬಂದು ಕೇಳಬಹುದು. ಅನುಮಾನ ಬಂದರೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಸಭೆಯ ದಿನ ಬಾಗಿಲಲ್ಲಿ ನಿಲ್ಲಿಸಿ "ನಿಮಗೆ ಮತ ಇಲ್ಲ" ಎಂದರೆ ಜಗಳವೇ ಆಗುತ್ತದೆ.

ಇನ್ನೊಂದು ವಿಷಯ ಬೆರೆಸಬೇಡಿ. ಐದು ವರ್ಷಕ್ಕೊಮ್ಮೆ ನಿರ್ದೇಶಕರನ್ನು ಆರಿಸುವ ಚುನಾವಣೆ ಬೇರೆ. ಅದನ್ನು ಸಹಕಾರ ಚುನಾವಣಾ ಪ್ರಾಧಿಕಾರ ಅಧಿಕಾರಿಯನ್ನು ನೇಮಿಸಿ ನಡೆಸುತ್ತದೆ. ನಾವು ಈಗ ಮಾತಾಡುತ್ತಿರುವುದು ಮಹಾಸಭೆಯಲ್ಲಿ ಒಂದು ವಿಷಯಕ್ಕೆ ಬೇಕು, ಬೇಡ ಎಂದು ಹೇಳುವ ಮತದ ಬಗ್ಗೆ. ಇದಕ್ಕೆ ಸಾಮಾನ್ಯವಾಗಿ ಕೈ ಎತ್ತಿದರೆ ಸಾಕು.

ಈಗ ನೋಟೀಸು ಓದೋಣ

ಆಡಳಿತ ಮಂಡಳಿ ಒಪ್ಪಿದ ಮೇಲೆ ನಮ್ಮ ಸಂಘದ ಕಾರ್ಯದರ್ಶಿ ಹೀಗೆ ಬರೆದರು. ಗಟ್ಟಿಯಾಗಿ ಓದಿ.

> ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ
> ದಿನಾಂಕ: 14-8-2026
>
> ವಾರ್ಷಿಕ ಮಹಾಸಭೆಯ ತಿಳುವಳಿಕೆ ಪತ್ರ
>
> ಸದಸ್ಯತ್ವ ಸಂಖ್ಯೆ: ........
> ಶ್ರೀಮತಿ ........................ ಅವರಿಗೆ
>
> ಮಾನ್ಯರೇ,
>
> ನಮ್ಮ ಸಂಘದ 2025-26ನೇ ಸಾಲಿನ ವಾರ್ಷಿಕ ಮಹಾಸಭೆಯನ್ನು 5-9-2026ನೇ ಶನಿವಾರ ಬೆಳಿಗ್ಗೆ 11 ಗಂಟೆಗೆ ಡೇರಿ ಕಟ್ಟಡದ ಮುಂದೆ ಕರೆಯಲಾಗಿದೆ. ತಾವು ಖುದ್ದಾಗಿ ಬರಬೇಕಾಗಿ ಕೋರುತ್ತೇವೆ.
>
> ಕಾರ್ಯಸೂಚಿ
> 1. ಹೋದ ಮಹಾಸಭೆಯ ನಡವಳಿ ಓದಿ ಒಪ್ಪುವುದು.
> 2. 2025-26ನೇ ಸಾಲಿನ ವರದಿ, ಜಮಾ ಖರ್ಚು, ಆಡಿಟ್ ವರದಿ ಓದಿ ಒಪ್ಪುವುದು.
> 3. ನಿವ್ವಳ ಲಾಭ 60,000 ರೂಪಾಯಿಯನ್ನು ಹಂಚುವುದು. ಬೋನಸ್ ಹಣದಲ್ಲಿ 12,000 ರೂಪಾಯಿಯನ್ನು ತೂಕದ ಯಂತ್ರಕ್ಕೆ ತೆಗೆದಿಡುವುದು.
> 4. ಮುಂದಿನ ವರ್ಷದ ಆದಾಯ ಖರ್ಚಿನ ಅಂದಾಜು ಒಪ್ಪುವುದು.
> 5. ಲೆಕ್ಕ ಪರಿಶೋಧಕರನ್ನು ಇಲಾಖೆ ಒಪ್ಪಿದ ಪಟ್ಟಿಯಿಂದ ನೇಮಿಸುವುದು.
> 6. ಅಧ್ಯಕ್ಷರ ಅಪ್ಪಣೆ ಪಡೆದು ಇತರ ವಿಷಯಗಳು.
>
> ಕೋರಂ: ಒಟ್ಟು ಸದಸ್ಯರು 140. ಸಭೆಗೆ 28 ಸದಸ್ಯರು ಖುದ್ದಾಗಿ ಹಾಜರಿರಬೇಕು. 11-30ರವರೆಗೆ ಕೋರಂ ಆಗದಿದ್ದರೆ ಸಭೆಯನ್ನು 12-9-2026ನೇ ಶನಿವಾರ ಇದೇ ಗಂಟೆಗೆ ಇದೇ ಜಾಗದಲ್ಲಿ ನಡೆಸಲಾಗುವುದು. ಅಂದು ಕೋರಂ ಬೇಕಿಲ್ಲ.
>
> ಮತ: ಒಬ್ಬ ಸದಸ್ಯೆಗೆ ಒಂದು ಮತ. ಕೈ ಎತ್ತಿ ಮತ ಹಾಕಬೇಕು. ಬದಲಿಗೆ ಬಂದವರಿಗೆ ಮತ ಇಲ್ಲ. ಮತದ ಹಕ್ಕಿರುವವರ ಪಟ್ಟಿ ಡೇರಿಯಲ್ಲಿ ಅಂಟಿಸಿದೆ. ತಪ್ಪಿದ್ದರೆ 29-8-2026ರ ಒಳಗೆ ಬರೆದು ತಿಳಿಸಿ. ಬರುವಾಗ ಹಾಲಿನ ಪಾಸ್ ಪುಸ್ತಕ ತನ್ನಿ.
>
> ಲೆಕ್ಕದ ಪುಸ್ತಕ ನೋಡಬೇಕಾದವರು ದಿನಾ ಬೆಳಿಗ್ಗೆ ಹಾಲು ಹಾಕುವ ಹೊತ್ತು ಮುಗಿದ ಮೇಲೆ ನೋಡಬಹುದು.
>
> ಆಡಳಿತ ಮಂಡಳಿಯ ಅಪ್ಪಣೆ ಮೇರೆಗೆ
> ಕಾರ್ಯದರ್ಶಿ

ಈ ಕಾಗದದಲ್ಲಿ ಎರಡನೇ ದಿನವನ್ನೂ ಮೊದಲೇ ಬರೆದಿದ್ದಾರೆ, ನೋಡಿದಿರಾ? ಇದರಿಂದ ಆಮೇಲೆ "ನಮಗೆ ಗೊತ್ತಾಗಲಿಲ್ಲ" ಎನ್ನಲು ಆಗುವುದಿಲ್ಲ.

ನೋಟೀಸು ಯಾರ ಕೈಗೆ?

ನೋಟೀಸು ಹಂಚುವುದರಲ್ಲೇ ಹೆಚ್ಚು ಎಡವುತ್ತಾರೆ. ಬೆಳಿಗ್ಗೆ ಡೇರಿಗೆ ಹಾಲು ತರುವವರು ಎಷ್ಟೋ ಮನೆಗಳಲ್ಲಿ ಮಗ ಅಥವಾ ಗಂಡ. ಅವರ ಕೈಗೆ ಕಾಗದ ಕೊಟ್ಟರೆ ಅದು ಅಂಗಿ ಜೇಬಿನಲ್ಲೇ ಉಳಿಯುತ್ತದೆ. ಒಗೆಯುವಾಗ ಮುದ್ದೆಯಾಗಿ ಸಿಗುತ್ತದೆ! ಸದಸ್ಯೆಗೆ ಸಭೆಯ ಸುದ್ದಿಯೇ ಇಲ್ಲ.

ಅದಕ್ಕೆ ನಮ್ಮ ಸಂಘದ 11 ನಿರ್ದೇಶಕರು ಮನೆಗಳನ್ನು ಹಂಚಿಕೊಂಡರು. ತಲಾ 12 ಅಥವಾ 13 ಮನೆ ಬಂತು. ಒಂದು ಪುಸ್ತಕದಲ್ಲಿ ನಾಲ್ಕು ಗೆರೆ ಹಾಕಿದರು. ಸದಸ್ಯತ್ವ ಸಂಖ್ಯೆ, ಹೆಸರು, ಕಾಗದ ಮುಟ್ಟಿದ ದಿನ, ಸದಸ್ಯೆಯ ಸಹಿ. ಕಾಗದವನ್ನು ಸದಸ್ಯೆಯ ಕೈಗೇ ಕೊಟ್ಟು ಸಹಿ ಹಾಕಿಸಿಕೊಂಡರು.

ಒಂದು ಮನೆಯಲ್ಲಿ ಹೀಗಾಯಿತು ಎಂದುಕೊಳ್ಳಿ.

"ಕೊಡಕ್ಕಾ, ನಮ್ಮಮ್ಮ ಹೊಲಕ್ಕೆ ಹೋಗೌರೆ. ನಾನೇ ಸೈನು ಮಾಡ್ತೀನಿ" ಅಂದ ಮಗ.

"ಬ್ಯಾಡಪ್ಪ. ಸದಸ್ಯೆ ನಿಮ್ಮಮ್ಮ. ಅವರು ಬಂದ ಮೇಲೆ ಸಂಜೆ ಮತ್ತೆ ಬರ್ತೀನಿ" ಅಂದರು ನಿರ್ದೇಶಕಿ.

ಸಂಜೆ ಆ ತಾಯಿ ಕಾಗದ ಓದಿ ಕೇಳಿದರು: "ಅಲ್ಲಮ್ಮ, ಯಂತ್ರಕ್ಕೆ ಹನ್ನೆರಡು ಸಾವಿರ ತೆಗೆದರೆ ನನ್ನ ಬೋನಸ್ಸು ಎಷ್ಟು ಕಮ್ಮಿ ಆಗುತ್ತೆ?"

ಒಳ್ಳೆಯ ಪ್ರಶ್ನೆ. ಲೆಕ್ಕ ಮಾಡೋಣ. ಲಾಭ 60,000 ರೂಪಾಯಿ. ಕಾನೂನಿನ ಪ್ರಕಾರ ಇದರಲ್ಲಿ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ ಕಾಪು ನಿಧಿಗೆ ಹೋಗಬೇಕು. ಅದು 15,000. ಇತರ ನಿಧಿಗಳಿಗೂ ತೆಗೆದ ಮೇಲೆ ಬೋನಸ್‌ಗೆ 36,000 ಉಳಿಯಿತು ಎನ್ನೋಣ. ವರ್ಷದಲ್ಲಿ ಎಲ್ಲ ಸದಸ್ಯರೂ ಸೇರಿ ಹಾಕಿದ ಹಾಲಿನ ಬೆಲೆ 24 ಲಕ್ಷ. ಆಗ ನೂರು ರೂಪಾಯಿ ಹಾಲಿಗೆ ಒಂದೂವರೆ ರೂಪಾಯಿ ಬೋನಸ್. ಯಂತ್ರಕ್ಕೆ 12,000 ತೆಗೆದರೆ ಉಳಿಯುವುದು 24,000. ಆಗ ನೂರಕ್ಕೆ ಒಂದು ರೂಪಾಯಿ. ಆ ತಾಯಿ ವರ್ಷದಲ್ಲಿ 40,000 ರೂಪಾಯಿ ಹಾಲು ಹಾಕಿದ್ದರೆ 600 ರೂಪಾಯಿ ಬರಬೇಕಾದ ಕಡೆ 400 ಬರುತ್ತದೆ. ಕಮ್ಮಿ ಆಗುವುದು 200. ಹಳೆಯ ಯಂತ್ರ ತಪ್ಪು ತೂಗಿ ವರ್ಷದಲ್ಲಿ ಅದಕ್ಕಿಂತ ಹೆಚ್ಚು ಹೋಗುತ್ತಿದೆಯೇ? ಅದನ್ನು ಯೋಚಿಸಿ ಅವರೇ ಬೇಕು ಅಥವಾ ಬೇಡ ಎನ್ನಬೇಕು.

ಸಭೆಯ ದಿನ

ಸೆಪ್ಟೆಂಬರ್ 5. ಗಂಟೆ ಹನ್ನೊಂದು. ಹಾಜರಿ ಪುಸ್ತಕದಲ್ಲಿ 31 ಸಹಿ ಇದೆ. ಅಧ್ಯಕ್ಷೆ ಎದ್ದು, "ಕೋರಂ ಆಯಿತು, ಶುರು ಮಾಡೋಣ" ಅಂದರು. ಕಾರ್ಯದರ್ಶಿ ತಡೆದರು. "ಸ್ವಲ್ಪ ಇರಿ ಅಮ್ಮ. ಸಹಿ ಎಣಿಸಿದರೆ ಸಾಲದು, ತಲೆ ಎಣಿಸೋಣ."

ಎಣಿಸಿದರು. ಆರು ಸಹಿ ಗಂಡಂದಿರದು, ಮಕ್ಕಳದು. ಸದಸ್ಯರು 25 ಮಾತ್ರ. ಇನ್ನೂ ಮೂವರು ಬೇಕು. ಆ ಆರು ಸಹಿಗೆ ಅಡ್ಡ ಗೆರೆ ಎಳೆದು ಪಕ್ಕದಲ್ಲಿ "ಸದಸ್ಯರಲ್ಲ" ಎಂದು ಬರೆದರು. ಬಂದಿದ್ದ ಗಂಡಸರಿಗೆ ಹೇಳಿದರು: "ಅಣ್ಣಾ, ಬೇಜಾರು ಮಾಡ್ಕೋಬೇಡಿ. ಅಕ್ಕನ್ನ ಕಳಿಸಿ. ನೀವು ಸ್ವಲ್ಪ ಹೊತ್ತು ಹಸು ನೋಡ್ಕೊಳ್ಳಿ." ಕೆಲವರು ನಕ್ಕರು, ಒಬ್ಬರು ಗೊಣಗಿದರು. ಆದರೂ ಹೋದರು. ನಿರ್ದೇಶಕರೂ ತಮ್ಮ ತಮ್ಮ ಬೀದಿಗೆ ಓಡಿದರು. 11-25ಕ್ಕೆ 34 ಸದಸ್ಯರು ಕೂತಿದ್ದರು. ಆ ಸಂಖ್ಯೆಯನ್ನೂ ಗಂಟೆಯನ್ನೂ ನಡವಳಿ ಪುಸ್ತಕದಲ್ಲಿ ಬರೆದು ಸಭೆ ಶುರು ಮಾಡಿದರು.

ಮೂರನೇ ವಿಷಯಕ್ಕೆ ಬರುವ ಹೊತ್ತಿಗೆ ಸದಸ್ಯರು 46 ಆದರು. ಮತ ಹಾಕುವವರೆಲ್ಲ ಜಮಖಾನದ ಮೇಲೆ ಕೂತರು. ಬೇರೆಯವರಿಗೆ ಹಿಂದೆ ಕುರ್ಚಿ ಹಾಕಿದರು. ಕೈ ಎಣಿಸಲು ಇಬ್ಬರನ್ನು ನೇಮಿಸಿದರು. ಒಬ್ಬರು ಯಂತ್ರ ಬೇಕು ಎನ್ನುವವರ ಕಡೆಯವರು, ಒಬ್ಬರು ಬೇಡ ಎನ್ನುವವರ ಕಡೆಯವರು. ಇಬ್ಬರೂ ಬೇರೆ ಬೇರೆ ಎಣಿಸಿ ಕೊನೆಗೆ ಹೇಳಬೇಕು. ಇಬ್ಬರ ಲೆಕ್ಕ ಒಂದೇ ಆದರೆ ಸರಿ. ಬೇರೆ ಬಂದರೆ ಮತ್ತೆ ಎಣಿಸಬೇಕು.

ಅಧ್ಯಕ್ಷೆ ವಿಷಯವನ್ನು ಒಂದು ಸಲ ಓದಿದರು. ಮೊದಲು ಬೇಕು ಎನ್ನುವವರು ಕೈ ಎತ್ತಿದರು, 27. ಆಮೇಲೆ ಬೇಡ ಎನ್ನುವವರು, 15. ಯಾವ ಕಡೆಗೂ ಎತ್ತದವರು 4. ಕೂಡಿ ನೋಡಿದರು: 27, 15, 4, ಒಟ್ಟು 46. ಕೂತವರ ಲೆಕ್ಕಕ್ಕೆ ಸರಿಹೋಯಿತು. ಸರಿಹೋಗದಿದ್ದರೆ ಯಾರೋ ಎರಡು ಸಲ ಎತ್ತಿದ್ದಾರೆ, ಅಥವಾ ಹಿಂದಿನ ಕುರ್ಚಿಯಿಂದ ಒಂದು ಕೈ ಎದ್ದಿದೆ ಎಂದು ತಿಳಿಯಬೇಕು.

ನಡವಳಿ ಪುಸ್ತಕದಲ್ಲಿ "ಎಲ್ಲರೂ ಒಪ್ಪಿದರು" ಎಂದು ಬರೆಯಲಿಲ್ಲ. ಹೀಗೆ ಬರೆದರು: "ವಿಷಯ 3. ಪರ 27. ವಿರೋಧ 15. ತಟಸ್ಥ 4. ಬಹುಮತದಿಂದ ಒಪ್ಪಲಾಯಿತು." ಬರೆದದ್ದನ್ನು ಅಲ್ಲೇ ಗಟ್ಟಿಯಾಗಿ ಓದಿದರು. ಬೇಡ ಎಂದಿದ್ದ ಒಬ್ಬ ಹಿರಿಯ ಸದಸ್ಯೆ ಕೇಳಿ ಹೇಳಿದರು: "ನಾನು ಬ್ಯಾಡ ಅಂದಿದ್ದೂ ಪುಸ್ತಕದಾಗೆ ಬಂತಲ್ಲ. ಅಷ್ಟು ಸಾಕು ಬಿಡ್ರಮ್ಮ."

ಪದಗಳ ಅರ್ಥ

ಮಹಾಸಭೆ: ಎಲ್ಲ ಸದಸ್ಯರೂ ಸೇರುವ ಸಭೆ
ಬೈಲಾ: ಸಂಘದ ನಿಯಮದ ಪುಸ್ತಕ
ಕಾರ್ಯಸೂಚಿ: ಸಭೆಯಲ್ಲಿ ಮಾತಾಡುವ ವಿಷಯಗಳ ಪಟ್ಟಿ
ಕೋರಂ: ಸಭೆ ನಡೆಯಲು ಬೇಕಾದ ಕಡಿಮೆ ಹಾಜರಿ
ನಡವಳಿ: ಸಭೆಯಲ್ಲಿ ಆದದ್ದನ್ನು ಬರೆದಿಟ್ಟದ್ದು
ಕಾಪು ನಿಧಿ: ಕಷ್ಟಕಾಲಕ್ಕೆ ಕೂಡಿಡುವ ಹಣ
ತಟಸ್ಥ: ಯಾವ ಕಡೆಗೂ ಸೇರದ

ಲೆಕ್ಕ ಮಾಡಿ, ಬರೆಯಿರಿ

1. ಒಂದು ಸಂಘದಲ್ಲಿ 95 ಸದಸ್ಯರಿದ್ದಾರೆ. ಬೈಲಾದಲ್ಲಿ ಕೋರಂ ಐದರಲ್ಲಿ ಒಂದು ಭಾಗ. ಎಷ್ಟು ಜನ ಬೇಕು?
2. ಸಭೆ ಸೆಪ್ಟೆಂಬರ್ 10ಕ್ಕೆ ಇದೆ. ಬೈಲಾ ಪ್ರಕಾರ 7 ಪೂರ್ಣ ದಿನ ಮುಂಚೆ ನೋಟೀಸು ಮುಟ್ಟಬೇಕು. ಯಾವ ತಾರೀಖಿನ ಒಳಗೆ ಮುಟ್ಟಬೇಕು?
3. 40 ಸದಸ್ಯರು ಕೂತಿದ್ದಾರೆ. ಪರ 22, ವಿರೋಧ 17, ತಟಸ್ಥ 3 ಎಂದು ಎಣಿಸಿದರು. ಈ ಎಣಿಕೆ ಸರಿಯೇ? ಏಕೆ?
4. ನಿಮ್ಮ ಸಂಘದ ಬೈಲಾ ಕೇಳಿ ಪಡೆಯಿರಿ. ಅದರಲ್ಲಿ ಕೋರಂ ಎಷ್ಟು, ನೋಟೀಸಿಗೆ ಎಷ್ಟು ದಿನ ಎಂದು ಹುಡುಕಿ ಇಲ್ಲಿ ಬರೆಯಿರಿ.

ಉತ್ತರ: 1. 19 ಜನ. 2. ಸೆಪ್ಟೆಂಬರ್ 2. 3. ಸರಿಯಲ್ಲ. ಕೂಡಿದರೆ 42 ಬರುತ್ತದೆ, ಕೂತವರು 40. ಮತ್ತೆ ಎಣಿಸಬೇಕು.